ಹಳದಿ ಮುಚ್ಚಳದ ಪ್ರಶ್ನೆ

ನಮ್ಮ ಆಸ್ಪತ್ರೆಯ ಲ್ಯಾಬಿನಲ್ಲಿ ಟ್ಯೂಬಕ್ಕ ಎಂದರೆ ಎಲ್ಲರಿಗೂ ಸ್ವಲ್ಪ ಹೆದರಿಕೆ. ಇಪ್ಪತ್ತೆರಡು ವರ್ಷದಿಂದ ರಕ್ತದ ಟ್ಯೂಬುಗಳ ಜೊತೆಗೇ ಬದುಕಿದವರು. ಕೆಲಸದಲ್ಲಿ ಎತ್ತಿದ ಕೈ, ನಾಲಿಗೆ ಅದಕ್ಕಿಂತ ಚುರುಕು. ಅದರ ಮೇಲೆ ಅನುಮಾನದ ಸ್ವಭಾವ. ಮಗಳು ಫೋನ್ ಮಾಡಿ "ಊಟ ಆಯ್ತಾ ಅಮ್ಮ?" ಎಂದರೂ "ಏನ್ ಬೇಕಿತ್ತು?" ಎನ್ನುತ್ತಾರೆ. ಪಕ್ಕದ ಮೇಜಿನಲ್ಲಿ ಆರು ವರ್ಷ ಕೂತ ನನಗೂ ಆ ಗುಣ ಅಂಟಿದೆ.

ಕಿಡ್ನಿ ವಾರ್ಡಿಗೆ ಹೊಸ ನರ್ಸ್ ಬಂದದ್ದೇ ಬಂದದ್ದು, ಟ್ಯೂಬಕ್ಕನ ಮೊಬೈಲಿಗೆ ಮೆಸೇಜುಗಳ ಸುರಿಮಳೆ ಶುರುವಾಯಿತು. "ಅಕ್ಕ, ಹಳದಿ ಮುಚ್ಚಳದ ಟ್ಯೂಬಿಗೆ ರಕ್ತ ಕಡಿಮೆ ಬಿದ್ರೆ ಏನ್ ಮಾಡ್ಲಿ?" ಎರಡು ದಿನ ಬಿಟ್ಟು ಅದೇ ಪ್ರಶ್ನೆ. ಮತ್ತೆ ನಾಲ್ಕು ದಿನ ಬಿಟ್ಟು ಅದೇ.

"ಇದು ಸುಮ್ನೆ ಕೇಳ್ತಿರೋದಲ್ಲ. ನನ್ನ ಉತ್ತರಗಳನ್ನ ಕೂಡಿಡ್ತಿದಾಳೆ, ಒಂದಿನ ಮೇಲಿನವರಿಗೆ ತೋರಿಸೋಕೆ," ಎಂದರು ಟ್ಯೂಬಕ್ಕ. ಅದೇ ವಾರ ಲ್ಯಾಬಿನ ಮುಖ್ಯಸ್ಥರು ಕರೆದು, "ಸ್ವಲ್ಪ ಮೆತ್ತಗೆ ಬರೀಮ್ಮ," ಎಂದಿದ್ದರು. ಸರಿ, ಅನುಮಾನಕ್ಕೆ ರೆಕ್ಕೆಪುಕ್ಕ ಬಂತು. ಅವರು ಮೆತ್ತಗೇನೋ ಬರೆದರು: "ಕೇಳ್ತಾನೇ ಇರಿ ಮೇಡಂ, ನಮಗೆ ಬೇರೆ ಕೆಲಸ ಇಲ್ಲ." ಕೊನೆಗೆ ಕೈಮುಗಿದ ಚಿತ್ರ. ಅದನ್ನು ಓದಿ ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಪ್ರಶ್ನೆಗಳು ನಿಂತವು.

"ನೋಡಿದ್ಯಾ? ಸುಮ್ನಾದ್ಲು ಅಂದ್ರೆ ಏನೋ ಮಸಲತ್ತು ನಡೀತಿದೆ," ಎಂದರು.

ಒಂಬತ್ತು ದಿನ ಬಿಟ್ಟು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಆ ವಾರ್ಡಿನ ಏಳನೇ ಬೆಡ್‌ನ ಅಜ್ಜನ ವರದಿ ಬಂತು. ಐದರ ಆಸುಪಾಸು ಇರಬೇಕಾದ ಪೊಟ್ಯಾಸಿಯಂ ಹನ್ನೊಂದು. ನಿಜವಾಗಿದ್ದರೆ ಅಜ್ಜನ ಹೃದಯ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು. ಆದರೆ ಕ್ಯಾಲ್ಸಿಯಂ ಪಾತಾಳದಲ್ಲಿತ್ತು. ಟ್ಯೂಬಕ್ಕ ಕನ್ನಡಕ ಸರಿಮಾಡಿಕೊಂಡರು. "ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಈ ಹಳದಿಯದಕ್ಕೆ ಸುರಿದಿದಾರೆ." ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಇರುತ್ತದೆ. ಅದರಲ್ಲೇ ಪೊಟ್ಯಾಸಿಯಂ ಇದೆ, ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ.

ನಾನು ವಾರ್ಡಿನ ಡಾಕ್ಟರಿಗೆ ಫೋನ್ ಮಾಡಿ ಅನುಮಾನ ಹೇಳಿದೆ. "ಇಸಿಜಿ ತೆಗೀತೀನಿ, ಬೇರೆ ರಕ್ತಾನೂ ಕಳಿಸ್ತೀನಿ. ಆದ್ರೆ ಕಿಡ್ನಿ ಪೇಷೆಂಟು, ನಿಜಾನೂ ಇರಬಹುದು. ಹೇಗೆ ತೆಗೆದ್ರು ಅಂತ ಬೇಗ ವಿಚಾರಿಸಿ," ಎಂದರು.

ರಕ್ತ ತೆಗೆದವಳು ಅದೇ ನರ್ಸ್. ಟ್ಯೂಬಕ್ಕನ ಹೆಸರು ಕಂಡು ಫೋನ್ ಎತ್ತಲಿಲ್ಲ. ಇವರು ಬರೆಯತೊಡಗಿದರು: "ಅಷ್ಟು ಸಲ ಹೇಳಿದ್ರೂ ಸುರಿದೇಬಿಟ್ರಲ್ಲ, ಭೇಷ್."

"ಅಕ್ಕ, ಹೀಗೆ ಕೇಳಿದ್ರೆ ಅವಳು ಹೌದು ಅಂತಾಳಾ?" ಎಂದೆ.

"ಹೇಳಿದ್ದೀನಿ ಕಣೋ. ಬೇಕಾದ್ರೆ ತೋರಿಸ್ತೀನಿ." ಹಳೆಯ ಮೆಸೇಜುಗಳನ್ನು ಮೇಲಕ್ಕೆ ಎಳೆಯತೊಡಗಿದರು. ನಾನೂ ಬಗ್ಗಿ ನೋಡಿದೆ. "ಮೊನ್ನೆ ಹೇಳಿದ್ದು ಗಾಳಿಗೆ ಹೋಯ್ತಾ?" ಎಂದಿತ್ತು. "ಗೋಡೆ ಮೇಲೆ ಚಾರ್ಟ್ ಇದೆ, ಕಣ್ಣಿದ್ರೆ ನೋಡಿ" ಎಂದಿತ್ತು. ಆ ಚಾರ್ಟ್ ಇರುವುದು ನಮ್ಮ ಗೋಡೆಯ ಮೇಲೆ, ವಾರ್ಡಿನಲ್ಲಲ್ಲ. ಕೊನೆಗೆ ಮೊದಲ ದಿನದ ಮೆಸೇಜಿಗೆ ಬಂದರು. "ಇದೂ ಗೊತ್ತಿಲ್ವಾ?" ಎಂದಷ್ಟೇ ಇತ್ತು. ಆರು ಸಲ ಕೇಳಿದ್ದಳು. ಒಂದು ಸಲವೂ ಉತ್ತರ ಇರಲಿಲ್ಲ.

ಟ್ಯೂಬಕ್ಕನ ಮುಖ ಸಪ್ಪೆಯಾಯಿತು. ಬರೆದಿದ್ದನ್ನು ಅಳಿಸಿ ಮತ್ತೆ ಬರೆದರು: "ಏಳನೇ ಬೆಡ್‌ನ ಹಳದಿ ಟ್ಯೂಬಿಗೆ ನೇರಳೆಯದರಿಂದ ರಕ್ತ ಹಾಕಿದ್ರಾ? ಹಾಕಿದ್ರೆ ಈ ವರದಿ ಲೆಕ್ಕಕ್ಕಿಲ್ಲ. ರಕ್ತ ಕಡಿಮೆ ಬಿದ್ರೆ ಸುರಿಯಬೇಡಿ, ಇದ್ದಷ್ಟೇ ಕಳಿಸಿ, ಸಾಲದಿದ್ರೆ ನಾವೇ ಹೇಳ್ತೀವಿ. ನೀವು ಕೇಳಿದಾಗಲೇ ನಾನಿದನ್ನ ಹೇಳಬೇಕಿತ್ತು."

ಓದಿದ ಗುರುತು ಬಿತ್ತು. ಉತ್ತರ ಬರಲು ಒಂದು ನಿಮಿಷ ಹಿಡಿಯಿತು: "ಇದನ್ನ ಯಾರಿಗೆ ತೋರಿಸ್ತೀರ ಅಕ್ಕ?"

"ನನ್ನನ್ನೇ ಅನುಮಾನಿಸ್ತಾಳಲ್ಲೋ," ಎಂದರು. ಆಮೇಲೆ ಬರೆದರು: "ಡಾಕ್ಟರಿಗೆ. ನಾನು ಉತ್ತರ ಕೊಡದೇ ಇದ್ದದ್ದೂ ಸೇರಿಸಿ ಹೇಳ್ತೀನಿ."

"ಹೌದು, ಸುರಿದೆ," ಎಂದು ಬಂತು.

ನಾನು ಡಾಕ್ಟರಿಗೆ ತಿಳಿಸಿದೆ. ಇಸಿಜಿ ಸರಿಯಾಗಿತ್ತು. ಮುಕ್ಕಾಲು ಗಂಟೆಯಲ್ಲಿ ಹೊಸ ರಕ್ತದ ಪೊಟ್ಯಾಸಿಯಂ ಐದು ಎಂದು ಬಂದಾಗ ಟ್ಯೂಬಕ್ಕ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ನನಗೆ ನನ್ನ ನಗು ನೆನಪಾಗಿ ನಾಚಿಕೆಯಾಯಿತು.

ಮರುದಿನ ನರ್ಸ್ ಕೇಳಿದಳು: "ಅಕ್ಕ, ನೀಲಿ ಮುಚ್ಚಳದ್ದು ಎಲ್ಲೀವರೆಗೆ ತುಂಬಿಸ್ಲಿ?"

"ಗೆರೆವರೆಗೆ. ಕಡಿಮೆಯೂ ಬೇಡ, ಜಾಸ್ತಿಯೂ ಬೇಡ," ಎಂದು ಬರೆದರು ಟ್ಯೂಬಕ್ಕ. ಕೈಮುಗಿದ ಚಿತ್ರ ಹಾಕಲಿಲ್ಲ.

ತಕ್ಷಣ ಉತ್ತರ ಬಂತು: "ಅಕ್ಕ, ಇವತ್ತು ಬೈಲೇ ಇಲ್ಲ, ನನ್ನ ಮೇಲೆ ಕೋಪಾನಾ?"