ಐದೂ ಕೆಂಪು ಸೀರೆ

‘ಕೆಲವು’ ಎಂದು ಯಾರಾದರೂ ಹೇಳಿದರೆ ‘ಎಲ್ಲ ಅಲ್ಲ’ ಎಂದೂ ನಾವು ಊಹಿಸಿಕೊಳ್ಳುತ್ತೇವೆ. ಬಾಯಿಬಿಟ್ಟು ಹೇಳದ ಆ ಅರ್ಥ ಮಕ್ಕಳಿಗೆ ಮತ್ತು ದೊಡ್ಡವರಿಗೆ ಎಷ್ಟು ಬೇಗ ಹೊಳೆಯುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಅದಕ್ಕಾಗಿ ಬನಹಟ್ಟಿಯ ಒಂದು ಖಾಸಗಿ ಶಾಲೆಗೆ ಹೋಗಿದ್ದೆ. ಮಕ್ಕಳ ಉತ್ತರಗಳನ್ನು ಶಾಲೆಗೆ ಕೊಡುವುದಿಲ್ಲ ಎಂಬ ಒಪ್ಪಂದವಿತ್ತು. ಶಾಲೆಯವರು ಹಿಂದೆ ನಿಂತು ನೋಡಬಾರದು ಎಂದು ಅದರಲ್ಲಿ ಇರಲಿಲ್ಲ.

ನನ್ನ ಕೈಗೊಂಬೆ ಚಿತ್ರ ನೋಡಿ ಒಂದು ಮಾತು ಹೇಳುತ್ತದೆ, ಅದು ಖರೆಯೋ ಸುಳ್ಳೋ ಎಂದು ಮಗು ಹೇಳಬೇಕು. ಚಿತ್ರದಲ್ಲಿ ಐದು ಸೀರೆ, ಐದೂ ಕೆಂಪು. ಕೈಗೊಂಬೆ ಹೇಳಿತು: “ಕೆಲವು ಸೀರಿ ಕೆಂಪದಾವ.”

“ಖರೆ,” ಎಂದಳು ಯುಕೆಜಿಯ ಹುಡುಗಿ. ಅವಳ ಅಪ್ಪನದು ಪವರ್‌ಲೂಮ್ ಕೆಲಸ.

ಹಿಂದೆ ನಿಂತಿದ್ದ ಮುಖ್ಯೋಪಾಧ್ಯಾಯಿನಿ ನಿಟ್ಟುಸಿರಿಟ್ಟು ಹೊರಗೆ ಹೋದರು. ಪರೀಕ್ಷೆಯ ಎರಡನೆಯ ಭಾಗ ಅವರು ನೋಡಲಿಲ್ಲ. ಅದೇ ಚಿತ್ರಕ್ಕೆ ಒಂದು ಗೊಂಬೆ “ಕೆಲವು” ಎಂದಿತು, ಇನ್ನೊಂದು “ಎಲ್ಲಾ” ಎಂದಿತು. ಯಾವುದು ಛಲೋ ಹೇಳಿತು ಎಂದು ಕೇಳಿದಾಗ ಹುಡುಗಿ ತಡಮಾಡದೆ ಎರಡನೆಯ ಗೊಂಬೆಯ ಮೂಗು ಹಿಡಿದಳು.

“ಆಕೀನ ಒಂದನೇತ್ತಕ್ಕ ಹಾಕೂದಿಲ್ರಿ,” ಎಂದರು ಮುಖ್ಯೋಪಾಧ್ಯಾಯಿನಿ ಮಧ್ಯಾಹ್ನ, ಒಂದನೆಯ ತರಗತಿಯ ಪಟ್ಟಿ ಬರೆಯುತ್ತ. “ಐದೂ ಕೆಂಪದಾವ, ಕೆಲವು ಅಂದ್ರ ಖರೆ ಅಂತಾಳ. ಮಂದ ಅದಾಳ.”

ಆ ವಯಸ್ಸಿನ ಬಹಳಷ್ಟು ಮಕ್ಕಳು ಹಾಗೆಯೇ ಉತ್ತರಿಸುತ್ತಾರೆ ಎಂದೆ. ‘ಎಲ್ಲ’ ಎಂಬ ಮಾತನ್ನೂ ಜೊತೆಗಿಟ್ಟರೆ ಅವರಿಗೂ ವ್ಯತ್ಯಾಸ ಕಾಣುತ್ತದೆ, ಅವಳಿಗೂ ಕಂಡಿತು ಎಂದೆ. ದೊಡ್ಡವರಲ್ಲೂ ‘ಸುಳ್ಳು’ ಎನ್ನುವವರು ‘ಖರೆ’ ಎನ್ನುವವರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಸಂದರ್ಭ ಒತ್ತಾಸೆಯಾಗಿದ್ದರೆ ಆ ತಡ ಇರುವುದಿಲ್ಲ ಎನ್ನುವ ಪ್ರಯೋಗಗಳೂ ಇವೆ.

“ನಿನ್ನೆ ದೊಡ್ಡವ್ರ ಪರೀಕ್ಷಾದಾಗ ಇಂಥಾದ ಚಿತ್ರಕ್ಕ ನೀವೂ ‘ಖರೆ’ ಅಂತ ಗುಂಡಿ ಒತ್ತಿದ್ರಿ, ಮೇಡಂ.”

“ನೀವು ಲಗೂ ಒತ್ತ್ರಿ ಅಂದ್ರಿ. ಅವಸರದಾಗ ಆತು.”

“ಅದನ್ನ ಹೇಳಾಕತ್ತೇನಿ. ಪುರಸೊತ್ತು ಸಿಗದಿದ್ರ ದೊಡ್ಡವ್ರೂ ಹುಡುಗ್ರಂಗ ಹೇಳ್ತಾರ.”

“ನನಗ ಯಾರೂ ಒಂದನೇತ್ತಾ ಪಾಸ್ ಮಾಡಬೇಕಾಗಿಲ್ಲ ಬಿಡ್ರಿ,” ಎಂದು ನಕ್ಕರು. ಚಹಾ ತರಿಸಿದರು. ಎರಡನೆಯ ಭಾಗ ತೋರಿಸುತ್ತೇನೆ, ಅವಳನ್ನು ಕರೆಸಿ ಎಂದೆ. ಸಾಲಿ ಬಿಡೂ ಹೊತ್ತಾತು ಎಂದರು.

ಶಾಲೆ ಬಿಟ್ಟಾಗ ಹುಡುಗಿಯ ಅಪ್ಪ ಬಂದ. ತಲೆಗೂದಲಲ್ಲಿ ಹತ್ತಿಯ ನೂಲಿನ ಧೂಳು. ಹುಡುಗಿ ಅವನ ಕೈ ಹಿಡಿದು ಜೋತಾಡುತ್ತಿದ್ದಳು.

“ನಮ್ಮ ಹುಡುಗಿದು ಒಂದನೇತ್ತದ್ದು ಏನಾತ್ರಿ ಬಾಯಾರ?”

“ಕೆಲವು ಹುಡುಗರನ್ನ ಮುಂದ ಹಾಕೇವ್ರಿ,” ಎಂದರು ಮುಖ್ಯೋಪಾಧ್ಯಾಯಿನಿ.

ಮಾತು ಮುಗಿಯುವ ಮೊದಲೇ ಅಪ್ಪನ ಮುಖ ಇಳಿದಿತ್ತು.

“ನಾನೂ ಮುಂದ ಹೋಗ್ತೇನೇನಪಾ?” ಎಂದು ಹುಡುಗಿ ಕೇಳಿದಳು.

“ನಡಿ ಬೇ, ಮನಿಗೆ ಹೋಗೂಣು,” ಎಂದು ಅವಳ ಚೀಲ ತಾನೇ ಹೆಗಲಿಗೆ ಹಾಕಿಕೊಂಡ.

ಜೂನ್‌ನಲ್ಲಿ ಉಳಿದ ಮಕ್ಕಳನ್ನು ಪರೀಕ್ಷಿಸಲು ಹೋದಾಗ ಅವಳು ಅದೇ ಯುಕೆಜಿ ಬೆಂಚಿನಲ್ಲಿದ್ದಳು. ಪಕ್ಕದವರೆಲ್ಲ ಅವಳಿಗಿಂತ ಚಿಕ್ಕವರು. ನನ್ನ ಕೈಯಲ್ಲಿನ ಗೊಂಬೆಯನ್ನು ನೋಡಿದರೂ ಅವಳು ಈ ಸಲ ಹತ್ತಿರ ಬರಲಿಲ್ಲ.