ಕೇಳದೆ ಹೆಸರು ಹಾಕದ ಚಾಮುಂಡಮ್ಮ

ಸಾಲಿಗ್ರಾಮದ ರೈತ ಸಂಘದ ಫೇಸ್‌ಬುಕ್ ಪೇಜು ನೋಡಿಕೊಳ್ಳುವವಳು ಚಾಮುಂಡಮ್ಮ. ಐವತ್ತೆರಡು ವರ್ಷ, ಎರಡೆಕರೆ ಗದ್ದೆ, ಮೈಕು ಬೇಡದ ಗಂಟಲು. ನಾಲ್ಕು ಸಲ ಪೊಲೀಸ್ ವ್ಯಾನ್ ಹತ್ತಿ ಇಳಿದವಳು. ಅವಳನ್ನು ಹೆದರಿಸಿದ್ದು ಲಾಠಿಯಲ್ಲ, ಒಂದು ಟ್ಯಾಗು.

ಮೂರು ವರ್ಷದ ಹಿಂದೆ ಕೂಲಿ ಜಾಸ್ತಿ ಮಾಡಿ ಎಂದು ಕೂತ ಹೆಂಗಸರ ಫೋಟೋ ಹಾಕಿ, ಯಾರನ್ನೂ ಕೇಳದೆ ಎಲ್ಲರನ್ನೂ ಟ್ಯಾಗ್ ಮಾಡಿದ್ದಳು. ಅವರಲ್ಲೊಬ್ಬಳಾದ ಪುಟ್ಟಮಲ್ಲಮ್ಮನ ಫೇಸ್‌ಬುಕ್ ಫ್ರೆಂಡುಗಳಲ್ಲಿ ಅವಳ ಧಣಿಯೂ ಇದ್ದ. ಪೋಸ್ಟು ಅವನಿಗೂ ಹೋಯಿತು. ಮಾರನೇ ದಿನದಿಂದ ಅವಳಿಗೆ ಕೆಲಸವಿಲ್ಲ. ಚಾಮುಂಡಮ್ಮ ಟ್ಯಾಗ್ ತೆಗೆದಳು. ನೋಡಿದವನ ಕಣ್ಣಿನಿಂದ ತೆಗೆಯಲಾಗಲಿಲ್ಲ.

ಈ ಸಲ ‘ಸಿರಿಪೈರು’ ಕಂಪನಿಯ ಭತ್ತದ ಬೀಜ ಮೊಳೆಯಲಿಲ್ಲ. ಕೆ.ಆರ್. ನಗರದಲ್ಲಿ ಕಂಪನಿಯ ಗೋದಾಮಿನ ಮುಂದೆ ಧರಣಿ ಮುಗಿಸಿ, ಸಂಘದ ಕಾರ್ಯದರ್ಶಿ ಕುಮಾರ ಟೀ ಅಂಗಡಿಯಲ್ಲಿ ಮೊಬೈಲ್ ತೆಗೆದ.

“ಅಕ್ಕ, ಐವತ್ತು ಜನಾನೂ ಟ್ಯಾಗ್ ಮಾಡ್ತೀನಿ. ಜೊತೆಗೆ ಲಕ್ಷಗಟ್ಲೆ ಜನ ನೋಡೋ ಆ ಟ್ರ್ಯಾಕ್ಟರ್ ಕಂಪನಿ ಪೇಜೂ. ನಾಡೆಲ್ಲ ಓಡ್ಬೇಕು ಪೋಸ್ಟು!”

“ಟ್ರ್ಯಾಕ್ಟರ್‌ನೋರು ಏನ್ ಮಾಡಿದ್ರು ನಿಂಗೆ? ಬೀಜ ಕೊಟ್ಟೋನ್ನ ಕರಿ. ಅವನ ಪೇಜಿರೋದೇ ಜನಕ್ಕೆ ಉತ್ತರ ಹೇಳಕ್ಕೆ. ಚೀಲದ ಲಾಟ್ ನಂಬರು, ಬಿಲ್ಲು ಫೋಟೋ ಹಾಕು. ಬಾಯಿಗೆ ಬಂದಂಗೆ ಬೈಬ್ಯಾಡ.”

ಧರಣಿಗೆ ಇಡ್ಲಿ ಕಳಿಸಿದ್ದ ಹೋಟೆಲಿನ ರೇಣುಕಾಪ್ರಸಾದನಿಗೆ ಅವಳೇ ಫೋನ್ ಮಾಡಿದಳು.

“ನಿನ್ ಹೋಟೆಲ್ ಹೆಸರು ಹಾಕ್ಲಾ?”

“ಬ್ಯಾಡ ಕಣಕ್ಕ, ಗೋದಾಮಿನೋರೂ ನನ್ ಗಿರಾಕಿಗಳೇ.”

“ಸರಿ ಬುಡು. ಚಟ್ನಿಗೆ ಉಪ್ಪು ಕಮ್ಮಿ ಇತ್ತು.”

ಉಳಿದದ್ದು ಪ್ರಿಯಾ. ಅದೇ ಬೀಜದ ಕಂಪನಿಯ ಭೇರ್ಯದ ಏಜೆಂಟನ ಅಂಗಡಿಯಲ್ಲಿ ಬಿಲ್ ಬರೆಯುವ ಹುಡುಗಿ. ಅಪ್ಪನ ಗದ್ದೆಯಲ್ಲೂ ಮೊಳೆಯದ್ದಕ್ಕೆ ಜ್ವರ ಎಂದು ರಜಾ ಹಾಕಿ ಧರಣಿಗೆ ಬಂದಿದ್ದಳು. ಫೋಟೋದ ಅಂಚಿನಲ್ಲಿ ಅವಳ ಮುಖ.

“ಅವಳು ಫೋಟೋ ತೆಗೀವಾಗ ನಕ್ಕಳು ಕಣಕ್ಕ, ಅದೇ ಒಪ್ಪಿಗೆ,” ಎಂದ ಕುಮಾರ.

“ಕ್ಯಾಮೆರಾ ಕಂಡ್ರೆ ಎಮ್ಮೇನೂ ಕತ್ತೆತ್ತುತ್ತೆ ಕಣ್ಲಾ!”

ಫೋನ್ ಮಾಡಿದಾಗ ಪ್ರಿಯಾ ತಡವರಿಸಿದಳು. “ಟ್ಯಾಗ್ ಬ್ಯಾಡ ಅತ್ತೆ… ಫೋಟೋನೂ…”

“ಕಾರಣ ಹೇಳ್ಬ್ಯಾಡ ಕಣವ್ವ. ಬ್ಯಾಡ ಅಂದ್ಯಲ್ಲ, ಮುಗೀತು.”

ಪ್ರಿಯಾ ಇಲ್ಲದ ಇನ್ನೊಂದು ಫೋಟೋ ಹುಡುಕಿದರು. ಕೇಳಿದವರಲ್ಲಿ ಹನ್ನೊಂದು ಜನ ಹೂಂ ಅಂದರು. ಪೋಸ್ಟಿನಲ್ಲಿ ಅಷ್ಟೇ ಹೆಸರು, ಬೀಜದ ಕಂಪನಿಯ ಹೆಸರು, ಎಲ್ಲರಿಗಿಂತ ಮೊದಲು ಚಾಮುಂಡಮ್ಮನದು.

ಮಾರನೇ ದಿನ ಭೇರ್ಯದ ಏಜೆಂಟ ಆ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದನಂತೆ. “ನಮ್ ಕಡೆಯೋರು ಯಾರಾದ್ರೂ ಇದಾರೇನಮ್ಮ ಇದ್ರಲ್ಲಿ?”

ಪ್ರಿಯಾ ಬಿಲ್ ಬುಕ್ಕಿನಿಂದ ತಲೆಯೆತ್ತಿ ಬೆರಳಿಟ್ಟು ತೋರಿಸಿದಳು. “ಈಯಮ್ಮ ಒಬ್ರೇ ಗೊತ್ತು ಸಾರ್. ಚಾಮುಂಡಮ್ಮ.”

“ಅವಳು ಯಾರಿಗ್ ಗೊತ್ತಿಲ್ಲ!” ಎಂದು ಏಜೆಂಟ ಮೊಬೈಲ್ ಮಡಗಿದ. ಅಷ್ಟರಲ್ಲಿ ಪೋಸ್ಟಿನ ಕೆಳಗೆ ಕಂಪನಿಯ ಉತ್ತರ ಬಂದಿತ್ತು: ಶನಿವಾರ ಗದ್ದೆ ನೋಡಲು ಬರುತ್ತೇವೆ.

ಶನಿವಾರ ಕಂಪನಿಯವರು ಮೊದಲು ಇಳಿದದ್ದು ಪ್ರಿಯಾಳ ಅಪ್ಪನ ಗದ್ದೆಗೆ. ಪ್ರಿಯಾ ಎಂದಿನಂತೆ ಏಜೆಂಟನ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು.