ನಲ್ಲೆ, ನಿನ್ನ ಒಲವು ಬೇಕು

ಮೊಬೈಲು ಹೊಸದಾಗಿ ಕೈಗೆ ಬಂದಿದ್ದ ಕಾಲ. ಚೆನ್ನೈನ ಅಣ್ಣಾ ನಗರದ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳ ಮೇಲೆ ನನಗೆ ಮನಸ್ಸಾಗಿತ್ತು. ಅವಳ ತಾತ ರೈಲ್ವೆ ಕೆಲಸಕ್ಕೆಂದು ಮೈಸೂರು ಕಡೆಯಿಂದ ಪೆರಂಬೂರಿಗೆ ಬಂದವರು. ಅವಳ ಮನೆಗನ್ನಡದಲ್ಲಿ ಅರ್ಧ ತಮಿಳು. ಶಾಲೆಯಲ್ಲಿ ಕನ್ನಡ ಓದಿದವಳಲ್ಲ.

ನಾನೋ, ಕಾಲೇಜಿನ ಪ್ರಬಂಧ ಸ್ಪರ್ಧೆಗಳಲ್ಲಿ ಬಹುಮಾನ ಹೊಡೆದವನು. ಅವಳಿಗೆ ಕಳಿಸುವ ಮೆಸೇಜು ಸಾಮಾನ್ಯವಾಗಿರಲು ಸಾಧ್ಯವೇ? ಬರೆದೆ: ‘ಪ್ರಿಯೆ, ನಿಮ್ಮ ಸಾನ್ನಿಧ್ಯದಿಂದ ನನ್ನ ಹೃದಯ ಪ್ರಫುಲ್ಲಗೊಂಡಿದೆ. ತಮ್ಮ ಅನುರಾಗದ ನಿರೀಕ್ಷೆಯಲ್ಲಿದ್ದೇನೆ.’

ಉಡುಪಿ ಕಡೆಯ ರೂಮ್‌ಮೇಟ್ ಹೋಟೆಲಿನಲ್ಲಿ ಕ್ಯಾಷಿಯರ್. ಓದಿ ಹೇಳಿದ: “ಎಂತದು ಮಾರಾಯ ಇದು? ಸನ್ಮಾನ ಪತ್ರವಾ? ಒಂದು ಶಾಲು, ಹಾರ ಮಾತ್ರ ಬಾಕಿ.”

ಅವಮಾನವಾದರೂ ನಿಜ ಹೊಳೆಯಿತು. ಸಂಸ್ಕೃತ ಪದಗಳು ನನ್ನನ್ನು ವೇದಿಕೆ ಹತ್ತಿಸಿ, ಅವಳನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿದ್ದವು. ಸರಿ, ಅಚ್ಚಗನ್ನಡಕ್ಕೆ ಇಳಿದೆ. ಪ್ರಿಯೆ ಹೋಗಿ ನಲ್ಲೆ ಬಂದಳು. ನಲ್ಲೆ ಎಂದ ಮೇಲೆ ‘ನಿಮ್ಮ’ ಹೊಂದದೆ ‘ನಿನ್ನ’ ಆಯಿತು. ಸಾನ್ನಿಧ್ಯ, ಹೃದಯಗಳನ್ನು ಕಿತ್ತೇ ಹಾಕಿದೆ. ಅನುರಾಗದ ಜಾಗಕ್ಕೆ ‘ಪ್ರೀತಿ’ ಸಾಕೆಂದ ರೂಮ್‌ಮೇಟ್.

“ಅದೂ ಸಂಸ್ಕೃತವೇ. ಒಲವು ಅಂತ ಹಾಕ್ತೀನಿ,” ಎಂದೆ.

“ಸಂಸ್ಕೃತ ಆದ್ರೆ ಎಂತ? ನನ್ನ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಅವರೂ ಪ್ರೀತಿ ಅಂತಲೇ ಹೇಳುದು. ನಿನ್ನ ಒಲವು ಯಾರ ಮನೆಯಲ್ಲಿ ಉಂಟು?”

ಕೇಳಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಕಳಿಸಿಯೇ ಬಿಟ್ಟೆ: ‘ನಲ್ಲೆ, ನಿನ್ನ ಒಲವು ಬೇಕು.’ ಉತ್ತರ ಬರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ನೇರ ನನ್ನ ಮೇಜಿಗೆ ಬಂದಳು.

“ಸಾರಿ, ತರಕ್ಕೆ ಆಗ್ಲಿಲ್ಲ,” ಎಂದಳು. “ನಾಳೆ ಒಲವು ಬೇಕು ಅಂದಿದ್ರಲ್ಲ, ಅದೇನು, ಬುಕ್ಕಾ? ಅಕ್ಕನ್ನ ಕೇಳ್ದೆ, ಅವಳಿಗೂ ತೆರಿಯಲೆ, ಗೊತ್ತಿಲ್ವಂತೆ.”

ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ನಲ್ಲೆ ಅವಳಿಗೆ ‘ನಾಳೆ’ ಆಗಿದ್ದಳು. ಒಲವು, ಅವರ ಮನೆಯಲ್ಲಿ ಎಲ್ಲಿ ಹುಡುಕಿದರೂ ಸಿಗದ ಸಾಮಾನು.

ಬುಕ್ಕೇ ಎಂದು ಸುಳ್ಳು ಹೇಳಿ ಬಚಾವಾಗಬಹುದಿತ್ತು. ಆದರೆ ಅವಳು ಅಷ್ಟು ಶ್ರದ್ಧೆಯಿಂದ ಹುಡುಕಿಸಿದ್ದಳು. ಅಚ್ಚಗನ್ನಡವಾಗಲಿ ಸಂಸ್ಕೃತವಾಗಲಿ, ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು ಇಷ್ಟೇ: “ಬುಕ್ಕಲ್ಲ. ನೀವಂದ್ರೆ ನನಗೆ ಇಷ್ಟ.”

‘ಇಷ್ಟ’ವೂ ಸಂಸ್ಕೃತವೆಂದು ಹೊಳೆದದ್ದು ಆಮೇಲೆ. ಅದಕ್ಕೆ ವೇದಿಕೆಯೂ ಬೇಕಿರಲಿಲ್ಲ, ನಿಘಂಟೂ ಬೇಕಿರಲಿಲ್ಲ.

ಅವಳು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಎರಡು ಸಲ ಸುಮ್ಮನೆ ಒತ್ತಿದಳು. “ಎನಕ್ಕುಂ ತಾನ್,” ಎಂದಳು.

ಚೆನ್ನೈಗೆ ಬಂದು ಎರಡು ವರ್ಷವಾಗಿತ್ತು. ತಮಿಳು ಕಲಿಯದೆ ಕನ್ನಡವನ್ನೇ ಶುದ್ಧಿ ಮಾಡುತ್ತ ಕೂತಿದ್ದ ನಾನು ಕೇಳಿದೆ: “ಏನಂದ್ರಿ?”

“ಅಯ್ಯೋ ಕಡವುಳೇ!” ಎಂದು ಹಣೆ ಚಚ್ಚಿಕೊಂಡಳು. “ನನಗೂನು ಅಂದೆ!”

ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು.